ಲೋಗೋ ಇರಬೇಕಾದ ಜಾಗದಲ್ಲಿ ಹಿಟ್ಟಿನ ಉಂಡೆ

ಹುಬ್ಬಳ್ಳಿಯಲ್ಲಿ ಖಾನಾವಳಿ ನಡೆಸುವ ಒಬ್ಬ ಅಕ್ಕ ಹೋದ ವರ್ಷ ರೊಟ್ಟಿ ತರಿಸಿಕೊಳ್ಳುವ ಆ್ಯಪ್ ಮಾಡಿಸಿದರು. ಲೋಗೋ ಮೊದಲೇ ಇತ್ತು. ಒಂದು ಜೋಳದ ರೊಟ್ಟಿ, ನಡುವೆ 'ರೊ' ಎಂಬ ಅಕ್ಷರ, ಅಷ್ಟೇ. ಆ್ಯಪ್ ತೆರೆಯುವಾಗ ಮತ್ತು ಅವರ ಅಡುಗೆ ವಿಡಿಯೋಗಳ ಶುರುವಿನಲ್ಲಿ ಅದು ಹೇಗೆ ಅಲುಗಾಡಬೇಕು ಅನ್ನುವುದು ನನ್ನ ಪಾಲಿನ ಕೆಲಸ.

ರೊಟ್ಟಿ ಅಂದಮೇಲೆ ಬಡಿಯಬೇಕು ಅಲ್ವಾ? ಅವರ ಅಡುಗೆಮನೆಗೇ ಹೋಗಿ, ರೊಟ್ಟಿ ಬಡಿಯುವ ಕೈಯನ್ನು ಫೋನಿನಲ್ಲಿ ಶೂಟ್ ಮಾಡಿಕೊಂಡು ಬಂದೆ. ಮನೆಯಲ್ಲಿ ಕೂತು ಒಂದೊಂದೇ ಫ್ರೇಮ್ ನೋಡಿದಾಗ ಎರಡು ಸಂಗತಿ ಸಿಕ್ಕವು. ಒಂದು, ರೊಟ್ಟಿ ನಯವಾಗಿ ಬೆಳೆಯುವುದಿಲ್ಲ. ಬಡಿತ ಬಿದ್ದಾಗ ಹಿಗ್ಗುತ್ತದೆ, ಕೈ ಮೇಲೆ ಹೋದಾಗ ಸುಮ್ನೆ ಇರುತ್ತದೆ. ಸೆಕೆಂಡಿಗೆ 30 ಫ್ರೇಮಿನ ಆ ವಿಡಿಯೋದಲ್ಲಿ ಬಡಿತಕ್ಕೆ 2 ಫ್ರೇಮ್, ಬಿಡುವಿಗೆ 6 ಫ್ರೇಮ್. ಇನ್ನೊಂದು, ಮೊದಲ ಬಡಿತಗಳಿಗೆ ಬೇಗ ಅಗಲವಾಗುವ ರೊಟ್ಟಿ ಆಮೇಲೆ ನಿಧಾನವಾಗುತ್ತದೆ. ಕೈಯ ಬಲ ಕಡಿಮೆಯಾಯಿತು ಅಂತಲ್ಲ. ಒಂದೊಂದು ಬಡಿತಕ್ಕೂ ಅಷ್ಟೇ ಜಾಗ ಹೆಚ್ಚಿದರೂ ವೃತ್ತ ದೊಡ್ಡದಾದಷ್ಟೂ ಅಗಲ ಕಡಿಮೆ ಹೆಚ್ಚುತ್ತದೆ. ಹಾಗೆ ಲೆಕ್ಕ ಹಾಕಿ ಅಳತೆ ಇಟ್ಟೆ: ಉಂಡೆ 40 ಶೇಕಡಾ, ಆಮೇಲೆ 61, 76, 89, 100. ಚಲನೆಯ ವೇಗ ಏರಿಳಿಸಲು ಸಾಫ್ಟ್‌ವೇರಿನಲ್ಲಿರುವ ರೆಡಿ ಕರ್ವ್ ಯಾವುದನ್ನೂ ಮುಟ್ಟಲಿಲ್ಲ. ನೋಡಿದವರೆಲ್ಲ 'ಅರೆ, ರೊಟ್ಟಿ ಬಡಿತಾರಲ್ಲ' ಅಂದರು. ಕೈಯನ್ನು ನಾನು ಬರೆದೇ ಇರಲಿಲ್ಲ!

ಬಡಿದ ಮೇಲೆ ರೊಟ್ಟಿಯನ್ನು ಸ್ವಲ್ಪ ತಿರುಗಿಸುತ್ತಾರೆ. ಅದನ್ನೂ ಹಾಕಿದೆ, ಪ್ರತಿ ಬಡಿತಕ್ಕೆ 12 ಡಿಗ್ರಿ. ಏನೂ ಕಾಣಲಿಲ್ಲ. ಲೋಗೋದ ರೊಟ್ಟಿ ಕಂಪಾಸಿನಲ್ಲಿ ಎಳೆದಷ್ಟು ದುಂಡಗಿತ್ತು. ಅಂಥ ವೃತ್ತ ತಿರುಗಿದರೂ ತಿರುಗದಿದ್ದರೂ ಒಂದೇ. ನಿಜವಾದ ಜೋಳದ ರೊಟ್ಟಿಯ ಅಂಚು ಅಲ್ಲಲ್ಲಿ ಬಿರಿದಿರುತ್ತದೆ. ಅಕ್ಕನನ್ನು ಕೇಳಿ ಅಂಚಿನಲ್ಲಿ ಮೂರು ಸಣ್ಣ ಬಿರುಕು ಬರೆದೆ. ಆಮೇಲೆ ತಿರುಗುವುದು ಕಂಡಿತು. ಅಕ್ಷರ ಮಾತ್ರ ಬೇರೆ ಗ್ರೂಪಿನಲ್ಲಿ ನೆಟ್ಟಗೆ ನಿಂತಿತು, ಇಲ್ಲದಿದ್ದರೆ 'ರೊ' ಓರೆಯಾಗುತ್ತಿತ್ತು.

ಇಲ್ಲಿಯವರೆಗೂ ಎಲ್ಲ ಚೆನ್ನಾಗಿತ್ತು. ವಿಡಿಯೋ ಫೈಲು ಕಳಿಸಿದೆ, ಅಕ್ಕನಿಗೆ ಖುಷಿಯಾಯಿತು. ಅದೇ ಚಲನೆಯನ್ನು ಆ್ಯಪಿಗೂ ಹಾಕಿದೆ. ಎಡವಿದ್ದು ಅಲ್ಲೇ.

ಎರಡು ದಿನ ಬಿಟ್ಟು ಫೋನ್ ಬಂತು. "ಏನ್ರೀ ಇದು, ಆ್ಯಪ್ ತೆಗದ್ರ ಬರೇ ಹಿಟ್ಟಿನ ಉಂಡಿ ಕೂತೈತಿ?"

ಅವರದು ಆಂಡ್ರಾಯ್ಡ್ 10ರ ಹಳೆಯ ಫೋನ್. ಆ್ಯಪ್ ತೆರೆದಾಗ ಸಿಸ್ಟಮ್ಮೇ ತೋರಿಸುವ ಸ್ಪ್ಲಾಶ್ ಪರದೆಯಲ್ಲಿ ಚಲಿಸುವ ಐಕಾನ್ ಹಾಕುವ ಸೌಲಭ್ಯ ಬಂದಿದ್ದು 2021ರ ಆಂಡ್ರಾಯ್ಡ್ 12ರಲ್ಲಿ. ಅದಕ್ಕಿಂತ ಹಳೆಯ ಫೋನಿನಲ್ಲಿ ಗೂಗಲಿನ ಹೊಂದಾಣಿಕೆ ಲೈಬ್ರರಿ ಐಕಾನನ್ನು ತೋರಿಸುತ್ತದೆ, ಆದರೆ ಅಲುಗಾಡಿಸುವುದಿಲ್ಲ. ಅಂದರೆ ಮೊದಲ ಸ್ಥಿತಿ ಏನಿದೆಯೋ ಅದೇ ಕೊನೆ. ನನ್ನ ಮೊದಲ ಸ್ಥಿತಿ ಉಂಡೆ!

ಹೊಸ ಫೋನಿನಲ್ಲಾದರೂ ಸರಿಯಿದೆಯಾ ಅಂತ ಸ್ಕ್ರೀನ್ ರೆಕಾರ್ಡ್ ಮಾಡಿ ಫ್ರೇಮ್ ಫ್ರೇಮ್ ನೋಡಿದೆ. ಅಲ್ಲೂ ಕೆಟ್ಟಿತ್ತು. ಆ್ಯಪ್ ತನ್ನ ಮೊದಲ ಪರದೆಯನ್ನು ಬರೆದ ಕ್ಷಣವೇ ಸಿಸ್ಟಮ್ ಸ್ಪ್ಲಾಶ್ ತೆಗೆದುಬಿಡುತ್ತದೆ. ಈ ಆ್ಯಪ್ ಅರ್ಧ ಸೆಕೆಂಡಿನಲ್ಲಿ ತೆರೆಯುತ್ತಿತ್ತು, ನನ್ನ ಬಡಿತ ಮುಗಿಯಲು ಒಂದು ಸೆಕೆಂಡಿಗೂ ಜಾಸ್ತಿ ಬೇಕಿತ್ತು. ಎರಡನೇ ಬಡಿತಕ್ಕೇ ರೊಟ್ಟಿ ಮಾಯ.

"ಪೂರ್ತಿ ಆಡಲಿ, ಅಲ್ಲೀ ತನಕ ಆ್ಯಪ್ ತಡೀರಿ" ಎಂದರು ಅಕ್ಕ. ತಡೆಯಬಹುದು, setKeepOnScreenCondition ಎಂಬ ದಾರಿ ಇದೆ. ನಾನು ಒಪ್ಪಲಿಲ್ಲ. ಆರ್ಡರ್ ತಲುಪಿಸುವ ಹುಡುಗರು ದಿನಕ್ಕೆ ಎಷ್ಟೋ ಸಲ ಆ್ಯಪ್ ತೆರೆಯುತ್ತಾರೆ. ಬಿಸಿಲಿನಲ್ಲಿ ಗಾಡಿ ಮೇಲೆ ಕೂತವನಿಗೆ ರೊಟ್ಟಿ ಬಡಿಯುವ ಆಟ ಬೇಡ, ವಿಳಾಸ ಬೇಕು.

ಹಾಗಾಗಿ ಬಡಿತ ಒಂದೇ, ಆದರೆ ಎರಡು ಬೇರೆ ಫೈಲು ಅಂತ ಮಾಡಿದೆ. ವಿಡಿಯೋ ಎಷ್ಟು ಹೊತ್ತು ಓಡಬೇಕೆಂದು ನಾನೇ ಹೇಳಬಹುದು. ಅಲ್ಲಿ ಉಂಡೆಯಿಂದ ಶುರುವಾಗಿ ಪೂರ್ತಿ ರೊಟ್ಟಿಗೆ ಬಂದು ನಿಲ್ಲಬಹುದು. ಆ್ಯಪಿನ ಚಲನೆ ಯಾವಾಗ ಕತ್ತರಿಸುತ್ತದೋ ನನಗೇ ಗೊತ್ತಿಲ್ಲ. ಅಲ್ಲಿ ಮೊದಲ ಫ್ರೇಮಿನಲ್ಲೇ ಪೂರ್ತಿ ರೊಟ್ಟಿ ಇರಬೇಕು. ಅದರ ಮೇಲೆ ಎರಡು ಬಡಿತ ಬೀಳುತ್ತದೆ. 96 ಶೇಕಡಾಕ್ಕೆ ಕುಗ್ಗಿ, ಮತ್ತೆ 100ಕ್ಕೆ ಬಂದು, 12 ಡಿಗ್ರಿ ತಿರುಗಿ ನಿಲ್ಲುತ್ತದೆ. ಎಲ್ಲಿ ಕತ್ತರಿಸಿದರೂ ಕಣ್ಣಿಗೆ ಕಾಣುವುದು ಲೋಗೋನೇ. ಎರಡೂ ಬಡಿತ ಸೇರಿ 800 ಮಿಲಿಸೆಕೆಂಡ್. ಗೂಗಲ್ ಕೂಡ 1000 ದಾಟಬೇಡಿ ಎಂದೇ ಹೇಳುತ್ತದೆ. ಥೀಮ್ ಫೈಲಿನಲ್ಲಿ ಬರೆದದ್ದು ಇಷ್ಟು:

```xml
<item name="windowSplashScreenAnimatedIcon">@drawable/rotti_avd</item>
<item name="windowSplashScreenAnimationDuration">800</item>
```

ಅಳತೆಯಲ್ಲಿ ಇನ್ನೊಂದು ಪೆಟ್ಟು ತಿಂದೆ. ಐಕಾನಿಗೆ ಹಿನ್ನೆಲೆ ಬಣ್ಣ ಇಲ್ಲದಿದ್ದರೆ ಚಿತ್ರದ ಅಳತೆ ಆಂಡ್ರಾಯ್ಡಿನ ಲೆಕ್ಕದಲ್ಲಿ 288 ಡಿಪಿ, ಆದರೆ ಕಾಣುವುದು ನಡುವಿನ 192 ಡಿಪಿ ವೃತ್ತ ಮಾತ್ರ. ಅಡ್ಡಳತೆಯಲ್ಲಿ ಮೂರನೇ ಎರಡು ಪಾಲು. ನನ್ನ ರೊಟ್ಟಿ ಆ ವೃತ್ತದೊಳಗೇ ಕೂತಿತ್ತು, ಆದರೆ ಬಡಿದಾಗ ಹಾರುವ ಹಿಟ್ಟಿನ ಪುಡಿ ಹೊರಗೆ ಹೋಗುತ್ತಿತ್ತು. ಗೋಡೆಗೆ ತಾಗಿದಂತೆ ಕಣಗಳು ಅರ್ಧಕ್ಕೇ ಮಾಯವಾಗುತ್ತಿದ್ದವು. ಪುಡಿಯನ್ನು ತೆಗೆದೇಬಿಟ್ಟೆ. ವಿಡಿಯೋದಲ್ಲಿ ಮಾತ್ರ ಉಳಿಯಿತು.

ಐಫೋನಿನಲ್ಲಿ ಲಾಂಚ್ ಪರದೆ ಅಲುಗಾಡುವುದೇ ಇಲ್ಲ, ನಿಂತ ಚಿತ್ರ ಅಷ್ಟೇ. ಅದೇ ಜಾಗದಲ್ಲಿ, ಅದೇ ಅಳತೆಯಲ್ಲಿ ಆ್ಯಪಿನ ಒಳಗೆ ಬಡಿತ ಶುರುವಾದರೆ ಜೋಡಣೆ ಕಾಣುವುದಿಲ್ಲ. ಮೊದಲ ಫ್ರೇಮ್ ಪೂರ್ತಿ ರೊಟ್ಟಿಯಾದ್ದರಿಂದ ಅದೂ ಸಲೀಸಾಯಿತು.

ಪರೀಕ್ಷೆ ಮಾಡುವಾಗ ಒಂದು ಗೊಂದಲ ಎಲ್ಲರಿಗೂ ಆಗುತ್ತದೆ. "ಒಮ್ಮೆ ಬರ್ತೈತಿ, ಒಮ್ಮೆ ಬರಂಗಿಲ್ಲ" ಎಂದು ಅಕ್ಕನ ಮಗ ದೂರಿದ. ಆ್ಯಪ್ ಹಿಂದೆ ಹಾಗೇ ತೆರೆದಿದ್ದು, ಮತ್ತೆ ಮುಂದೆ ತಂದರೆ ಸ್ಪ್ಲಾಶ್ ಬರುವುದೇ ಇಲ್ಲ. ಸೆಟ್ಟಿಂಗಿಗೆ ಹೋಗಿ ಫೋರ್ಸ್ ಸ್ಟಾಪ್ ಮಾಡಿ ತೆರೆದು ನೋಡು ಎಂದೆ. ಆಮೇಲೆ ಪ್ರತಿ ಸಲ ಬಂತು.

ಸದ್ದು ವಿಡಿಯೋಗೆ ಮಾತ್ರ. ಅದೇ ಅಡುಗೆಮನೆಯಲ್ಲಿ ಬಡಿತದ ಸದ್ದು ರೆಕಾರ್ಡ್ ಮಾಡಿ, ಅಲೆಯ ತುದಿಯನ್ನು ರೊಟ್ಟಿ ಹಿಗ್ಗುವ ಫ್ರೇಮಿಗೇ ಕೂರಿಸಿದೆ. ಒಂದು ಫ್ರೇಮ್ ತಡವಾದರೆ ನಡೆಯುತ್ತದೆ. ಚಿತ್ರಕ್ಕಿಂತ ಮೊದಲು ಸದ್ದು ಬಂದರೆ ಮಾತ್ರ ಏನೋ ತಪ್ಪಿದೆ ಅಂತ ಕಿವಿಗೆ ಕೂಡಲೇ ತಿಳಿಯುತ್ತದೆ.

ಕೊನೆಯ ಫೈಲನ್ನು ರೊಟ್ಟಿ ಬಡಿಯುವ ಅಜ್ಜಿಗೇ ತೋರಿಸಿದೆ. ಎರಡು ಸಲ ನೋಡಿದರು. "ಕಡೀ ಬಡಿತ ನಡುವ ಹಾಕ್ಬ್ಯಾಡಪ್ಪಾ, ಅಂಚಿಗೆ ಬೀಳಬೇಕು. ನಡುವ ಬಡದ್ರ ಹರಿತೈತಿ." ನನ್ನ ಐದೂ ಸ್ಥಿತಿಗಳಿಗೆ ನಡುವೇ ಕೇಂದ್ರವಾಗಿತ್ತು. ಅಂದು ರಾತ್ರಿ ಕೊನೆಯ ಬಡಿತದ ಪಿವಟನ್ನು ಬಲ ಅಂಚಿಗೆ ಸರಿಸಿ, ರೊಟ್ಟಿ ಆ ಕಡೆ ತುಸು ಓರೆಯಾಗಿ ಹಿಗ್ಗುವ ಹಾಗೆ ಮಾಡಿ ಕಳಿಸಿದೆ.