ಬಿಳಿಗಾರದ ಗೆರೆ 60 ಡಿಗ್ರಿಯಲ್ಲಿ ಮುರಿಯಿತು: ನನ್ನ ಅನುಭವ

ಮೂರು ವರ್ಷ ಈ ಗ್ರಾಫಿನ ಹಿಂದೆ ಬಿದ್ದಿದ್ದೆ. ಈ ಬೇಸಿಗೆಯಲ್ಲಿ ಕೊನೆಗೂ ಬಂತು. ದಾವಣಗೆರೆಯ ನಮ್ಮ ಕಾಲೇಜಿನ ಲ್ಯಾಬಿನಲ್ಲಿ, ಥರ್ಮೋಸ್ಟಾಟ್ ಬಾತ್ ಇಲ್ಲದೆ, ಬಿಳಿಗಾರದ Ksp ಅನ್ನು 30ರಿಂದ 75 ಡಿಗ್ರಿವರೆಗೆ ಅಳೆದು ln Ksp ಮತ್ತು 1/T ಗ್ರಾಫ್ ಹಾಕಿದ್ದೇನೆ. "ಸರ್, ಬಾತ್ ಇಲ್ಲದೆ ಇದು ಆಗೋದಲ್ಲ, ಸುಮ್ನೆ ಟೈಮ್ ವೇಸ್ಟ್" ಅಂದ ಸಹೋದ್ಯೋಗಿಯೇ ಈಗ ಆ ಗ್ರಾಫಿನ ಜೆರಾಕ್ಸ್ ಇಟ್ಟುಕೊಂಡಿದ್ದಾರೆ. ಟೈಟ್ರೇಶನ್ ಮಾಡಿದವರಿಗೇ ಬರೆಯುತ್ತಿದ್ದೇನೆ. ಹಾಗಾಗಿ ಬೇಸಿಕ್ಸ್ ಬಿಟ್ಟು ನೇರ ವಿಷಯಕ್ಕೆ ಬರುತ್ತೇನೆ.

ಅವರ ಅನುಮಾನದಲ್ಲಿ ಅರ್ಥ ಇಲ್ಲದೆ ಇರಲಿಲ್ಲ. 50 ಡಿಗ್ರಿ ಹತ್ತಿರ ಬಿಳಿಗಾರದ Ksp ಒಂದೊಂದು ಡಿಗ್ರಿಗೆ ಶೇಕಡಾ 13ರಷ್ಟು ಏರುತ್ತದೆ. ಥರ್ಮಾಮೀಟರ್ ಒಂದು ಡಿಗ್ರಿ ತಪ್ಪಿದರೆ Ksp ಅಷ್ಟು ತಪ್ಪುತ್ತದೆ. ಆದರೆ ಇನ್ನೊಂದು ಕಡೆಯಿಂದ ನೋಡಿ. 30ರಿಂದ 50ಕ್ಕೆ ಹೋಗುವಾಗ ln Ksp ಹೆಚ್ಚುಕಮ್ಮಿ ಮೂರು ಯೂನಿಟ್ ಏರುತ್ತದೆ. ಅದರಲ್ಲಿ 0.13 ತಪ್ಪು ಬಂದರೂ ಗೆರೆಯ ಓಟ, ಅಂದ್ರೆ ಸ್ಲೋಪ್, ಹಾಳಾಗುವುದಿಲ್ಲ. ಅಂದರೆ ಒಂದೊಂದು ಬಿಂದು ಅಷ್ಟು ಕರಾರುವಾಕ್ಕಾಗಿ ಬೇಕಿಲ್ಲ, ಬಿಂದುಗಳು ದೂರ ದೂರ ಇರಬೇಕು ಅಷ್ಟೇ. ಬಿಳಿಗಾರವನ್ನೇ ಹಿಡಿದದ್ದು ಇದಕ್ಕೇ.

ಬಾತ್‌ಗೆ ಕೊಟೇಶನ್ ತರಿಸಿದ್ದೆ. 22 ಸಾವಿರ ಚಿಲ್ಲರೆ ಅಂದ ನೆನಪು. ಕೈಬಿಟ್ಟೆ. ನಮ್ಮೂರಲ್ಲಿ ಮಂಡಕ್ಕಿ ಭಟ್ಟಿಗಳಿಗೆ ಕೊರತೆ ಇಲ್ಲ, ಅಲ್ಲಿ ಉರಿಸುವುದು ಭತ್ತದ ಹೊಟ್ಟು. ಒಂದು ಚೀಲ ಹೊಟ್ಟು ಪುಕ್ಕಟೆ ಸಿಕ್ಕಿತು. ದೊಡ್ಡ ರಟ್ಟಿನ ಪೆಟ್ಟಿಗೆಯಲ್ಲಿ ಹೊಟ್ಟು ತುಂಬಿ, ನಡುವೆ 10 ಲೀಟರಿನ ಅಲ್ಯೂಮಿನಿಯಂ ಪಾತ್ರೆ ಹೂತು, ಬಿಸಿನೀರು ಹಾಕಿದೆ. ಮೇಲೆ ಥರ್ಮೋಕೋಲ್ ಮುಚ್ಚಳ. 50ರ ಹತ್ತಿರ 10 ನಿಮಿಷಕ್ಕೆ ಅರ್ಧ ಡಿಗ್ರಿಯಷ್ಟು ಇಳಿಯುತ್ತಿತ್ತು. ಕರೆಂಟ್ ಹೋದರೂ ಚಿಂತೆ ಇಲ್ಲ. ಮುಂದಿನ ಬಿಂದುವಿಗೆ ಇಳಿಸಬೇಕು ಅಂದ್ರೆ ಒಂದೆರಡು ಮಗ್ ಬಿಸಿನೀರು ತೆಗೆದು ತಣ್ಣೀರು ಹಾಕುವುದು. ಎಲ್ಲಾ ಸೇರಿ ನನ್ನ ಜೇಬಿನಿಂದ ಹೋದದ್ದು 1,300 ರೂಪಾಯಿ ಇರಬಹುದು. ಅದರಲ್ಲಿ ಜಾಸ್ತಿ ಒಡೆದ ಪಿಪೆಟ್‌ಗಳಿಗೇ.

ಮೊದಲು ಮಂಡಿಪೇಟೆಯ ಗ್ರಂಧಿಗೆ ಅಂಗಡಿಯಿಂದ ಬಿಳಿಗಾರ ತಂದೆ. ನೀರಿಗೆ ಹಾಕಿದರೆ ತಳದಲ್ಲಿ ಮಣ್ಣು ಉಳಿಯಿತು. ಬಿಸಿಯಾಗಿ ಕರಗಿಸಿ, ಸೋಸಿ, ಆರಿಸಿ ಹರಳು ಮಾಡಿ ನೋಡಿದೆ. ಚೆನ್ನಾಗೇ ಬಂತು, ಆದರೆ ಮೂರು ದಿನ ಹಿಡಿಯಿತು. ಆಮೇಲೆ ಎಆರ್ ಗ್ರೇಡ್ ಅರ್ಧ ಕೆಜಿ ಡಬ್ಬಿಯನ್ನೇ ತಂದೆ, ನಾನೂರು ರೂಪಾಯಿ ಆಸುಪಾಸು. ಅಂಗಡಿಯ ಮಾಲಿನಲ್ಲೂ ಆಗುತ್ತದೆ, ಆದರೆ ಹರಳು ಮಾಡುವ ಕೆಲಸ ತಪ್ಪಿಸಬೇಡಿ.

ಮೊದಲ ವರ್ಷ ಕೆಟ್ಟದ್ದು ಪಿಪೆಟ್‌ನಲ್ಲಿ. 50 ಡಿಗ್ರಿಯ ತಿಳಿಯನ್ನು ತಣ್ಣನೆಯ ಪಿಪೆಟ್‌ಗೆ ಎಳೆದ ಕೂಡಲೇ ತುದಿಯ ಒಳಗೆ ಬಿಳಿ ಸೂಜಿಗಳು ಮೂಡುತ್ತವೆ. ಎರಡು ಸೆಕೆಂಡು ಸಾಕು. 5 ಮಿಲಿ ಇಳಿಸಿದೆ ಅಂದುಕೊಳ್ಳುತ್ತೀರಿ, ಅದರಲ್ಲಿದ್ದ ಬಿಳಿಗಾರದ ಒಂದು ಪಾಲು ಗಾಜಿಗೇ ಅಂಟಿರುತ್ತದೆ. ಒಮ್ಮೆ 8 ಮಿಲಿ, ಇನ್ನೊಮ್ಮೆ 9.5 ಮಿಲಿ ಆಸಿಡ್ ಬಂದರೆ ಕಾರಣ ಇದೇ. ಈಗ ನಾನು ಮಾಡುವುದು ಹೀಗೆ. ಪಕ್ಕದಲ್ಲಿ ಇನ್ನೂ ಐದಾರು ಡಿಗ್ರಿ ಜಾಸ್ತಿ ಬಿಸಿ ಇರುವ ನೀರು ಇಟ್ಟುಕೊಂಡು, ಪಿಪೆಟ್‌ಗೆ ಮೂರು ಸಲ ಎಳೆದು ಬಿಟ್ಟು, ಒಳಗಿನ ನೀರು ಪೂರ್ತಿ ಹೋದ ಮೇಲೆ ತಿಳಿಯನ್ನು ಎಳೆಯುತ್ತೇನೆ. ಅದನ್ನು ಬಿಸಿ ಡಿಸ್ಟಿಲ್ಡ್ ನೀರಿರುವ ಕೋನಿಕಲ್ ಫ್ಲಾಸ್ಕ್‌ಗೆ ಬಿಟ್ಟು, ಪಿಪೆಟ್ ಅನ್ನು ಬಿಸಿನೀರಲ್ಲೇ ತೊಳೆದು ಆ ತೊಳೆದ ನೀರನ್ನೂ ಫ್ಲಾಸ್ಕ್‌ಗೇ ಸೇರಿಸುತ್ತೇನೆ. ತಳದ ಪುಡಿ ಒಳಗೆ ಬರದಂತೆ ತುದಿಗೆ ಹತ್ತಿ ಕಟ್ಟುತ್ತೇನೆ. ಹತ್ತಿಯನ್ನು ಹೇಗೆ ಕಟ್ಟಿ ಹೇಗೆ ಕಳಚುತ್ತೇನೆ ಅನ್ನುವುದು ಮಾತ್ರ ನನ್ನ ಹತ್ತಿರವೇ ಇರಲಿ. ಅದನ್ನು ಕಂಡುಕೊಳ್ಳಲು ನಾಲ್ಕು ಪಿಪೆಟ್ ಹೋಗಿವೆ.

40 ಡಿಗ್ರಿಯ ಬಿಂದುವಿನ ಲೆಕ್ಕ ಹೇಳುತ್ತೇನೆ. 5 ಮಿಲಿಗೆ 0.5 ಮೋಲಾರ್ HCl 6.3 ಮಿಲಿ ಹಿಡಿಯಿತು. ಇಂಡಿಕೇಟರ್ ಮೀಥೈಲ್ ರೆಡ್. 3.15 ಮಿಲಿಮೋಲ್ ಆಸಿಡ್, ಒಂದು ಟೆಟ್ರಾಬೋರೇಟ್‌ಗೆ ಎರಡು H⁺, ಹಾಗಾಗಿ s ಅಂದ್ರೆ 0.315 ಮೋಲಾರ್. ಎರಡು Na⁺ ಇರುವುದರಿಂದ Ksp = 4s³, ಸುಮಾರು 0.125. ln Ksp ಮೈನಸ್ 2.08, 1/T 0.00319. ಒಂದು ಬಿಂದು ಕೂತಿತು.

ಎರಡನೇ ವರ್ಷ ಒಬ್ಬ ಹುಡುಗ ln Ksp ಬದಲು ln s ಹಾಕಿ ಗೆರೆ ಎಳೆದ. ಗೆರೆ ಬಹಳ ನೇರವಾಗಿ ಬಂತು, ΔH 38 ಕಿಲೋಜೂಲ್ ಅಂತ ಬರೆದ. ನಾನೂ ಮೊದಲು ಒಪ್ಪಿಕೊಂಡೆ, ಅಷ್ಟು ಚಂದ ಇತ್ತು ಗೆರೆ. ಗೆರೆ ನೇರ ಬಂತು ಅಂದ ಮಾತ್ರಕ್ಕೆ ಲೆಕ್ಕ ಸರಿ ಅಂತಲ್ಲ. Ksp ಒಳಗೆ s ಮೂರು ಸಲ ಗುಣಿಸಿಕೊಂಡಿದೆ, ಆದ್ದರಿಂದ ನಿಜವಾದ ಓಟ ಅದರ ಮೂರು ಪಟ್ಟು. ಸರಿಮಾಡಿದರೆ 30ರಿಂದ 50ರ ನಡುವೆ ನನಗೆ ಸಿಗುವುದು 115 ಕಿಲೋಜೂಲ್ ಆಚೀಚೆ. ಇಂಟರ್ಸೆಪ್ಟ್‌ನಿಂದ ΔS 350 ಜೂಲ್ ಹತ್ತಿರ. ಇಷ್ಟು ದೊಡ್ಡ ΔS ನೋಡಿ ಹುಡುಗರು ಗಾಬರಿಯಾಗುತ್ತಾರೆ. ಬಿಳಿಗಾರದ ಹತ್ತು ನೀರಿನಲ್ಲಿ ಎರಡು ಬೋರೇಟ್‌ನೊಳಗೇ ಸೇರಿಕೊಂಡಿವೆ, ಹರಳಿನೊಳಗೆ ಕಟ್ಟಿಹಾಕಿಕೊಂಡಿದ್ದ ಮಿಕ್ಕ ಎಂಟು ನೀರಿನ ಅಣುಗಳು ಒಟ್ಟಿಗೆ ಬಿಡುಗಡೆಯಾಗುತ್ತವೆ, ಅದಕ್ಕೇ ಅಷ್ಟು.

ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ 50ರ ಮೇಲಿನ ಬಿಂದುಗಳು ನನ್ನನ್ನು ಬಿಡಲಿಲ್ಲ. 55 ಮತ್ತು 58ರ ಬಿಂದುಗಳು ಗೆರೆಗಿಂತ ಸ್ವಲ್ಪ ಮೇಲೆ ಕೂರುತ್ತಿದ್ದವು. ಅದು ನನಗೆ ಅರ್ಥವಾಗುವಂಥದ್ದು. ತಿಳಿ ಅರ್ಧ ಮೋಲಾರ್ ದಾಟಿದ ಮೇಲೆ ಅಯಾನುಗಳು ಒಂದನ್ನೊಂದು ಒತ್ತಿಕೊಂಡಿರುತ್ತವೆ, ಬೋರೇಟ್‌ಗಳು ತಮ್ಮತಮ್ಮಲ್ಲೇ ಕೂಡಿಕೊಳ್ಳುತ್ತವೆ. ಬರೀ s ಹಾಕಿದ Ksp ಅಲ್ಲಿ ಪೂರ್ತಿ ಸತ್ಯ ಹೇಳುವುದಿಲ್ಲ. 115 ಅನ್ನೋ ಅಂಕಿಯನ್ನೂ ಆ ಎಚ್ಚರದಲ್ಲೇ ಓದಬೇಕು. ಆದರೆ 65, 70, 75ರ ಬಿಂದುಗಳು ಅದೇ ಓಟದಲ್ಲಿ ಏರುವ ಬದಲು ಇದ್ದಕ್ಕಿದ್ದಂತೆ ಅರೆಬರೆ ಮಲಗಿಬಿಟ್ಟಿದ್ದವು.

"ಬಿಸಿ ಬಿಂದು ಎಲ್ಲಾ ಬಿಟ್ಹಾಕಿ ಸರ್, ಪಿಪೆಟ್‌ನಲ್ಲಿ ಲಾಸ್ ಆಗಿರುತ್ತೆ" ಅಂದರು ಅದೇ ಸಹೋದ್ಯೋಗಿ. ಬಿಟ್ಟು ಹಾಕಲು ಮನಸ್ಸು ಬರಲಿಲ್ಲ. ಅನುಮಾನ ಎರಡು ಇದ್ದವು. ಒಂದು, ಪಿಪೆಟ್ ಲಾಸ್. ಇನ್ನೊಂದು, ಪುಡಿಯೆಲ್ಲಾ ಕರಗಿಹೋಗಿ ತಿಳಿ ಸ್ಯಾಚುರೇಟೆಡ್ ಆಗಿಯೇ ಉಳಿದಿರದೆ ಇರುವುದು. ಎರಡನೆಯದು ಮೊದಲ ವರ್ಷ ನಿಜವಾಗಿ ಆಗಿತ್ತು. 100 ಮಿಲಿ ನೀರಿಗೆ 40 ಗ್ರಾಂ ಹಾಕಿದ್ದೆ, 60 ಮುಟ್ಟುವುದರೊಳಗೆ ಬೀಕರ್ ಪೂರ್ತಿ ತಿಳಿಯಾಗಿತ್ತು. ಅಲ್ಲಿಂದ ಮೇಲೆ ಎಷ್ಟು ಬಿಸಿ ಮಾಡಿದರೂ s ಅಷ್ಟೇ ಇರುತ್ತದೆ, ಗ್ರಾಫ್ ಮಲಗದೆ ಇನ್ನೇನು ಮಾಡೀತು? ಈ ಸಲ 90 ಗ್ರಾಂ ಹಾಕಿದೆ. 75ರಲ್ಲೂ ತಳದಲ್ಲಿ ಪುಡಿ ಕಾಣುತ್ತಿತ್ತು. ಪಿಪೆಟ್ ಅನ್ನು ಒಮ್ಮೆ 75ಕ್ಕೆ, ಒಮ್ಮೆ 85ಕ್ಕೆ ಬಿಸಿ ಮಾಡಿ ನೋಡಿದೆ. 70 ಡಿಗ್ರಿಯಲ್ಲಿ ಎರಡು ಸಲವೂ 22.5 ಮಿಲಿ ಹತ್ತಿರವೇ ಬಂತು. ಲಾಸ್ ಆಗಿದ್ದರೆ ಅಂಕಿ ಎತ್ತೆತ್ತಲೋ ಓಡಬೇಕಿತ್ತು. ಓಡಲಿಲ್ಲ.

ಹಾಗಾದರೆ ಬದಲಾದದ್ದು ತಳದ ಪುಡಿಯೇ. ಇದು ಹೊಳೆದದ್ದು ನಮ್ಮ ಬೀದಿಯ ಅಕ್ಕಸಾಲಿ ಆಚಾರ್ರ ಅಂಗಡಿಯಲ್ಲಿ. ಬೆಸುಗೆಗೆ ಬಿಳಿಗಾರ ಇಟ್ಟು ಊದುಕೊಳವೆಯಿಂದ ಉರಿ ಬಿಟ್ಟರೆ ಅದು ಮೊದಲು ಮಂಡಕ್ಕಿಯ ಹಾಗೆ ಅರಳುತ್ತದೆ, ಆಮೇಲೆ ಕರಗಿ ಗಾಜಾಗುತ್ತದೆ. "ಮೇಷ್ಟ್ರೇ, ಇದರ ಹೊಟ್ಟೆ ತುಂಬಾ ನೀರು" ಅಂದರು ಆಚಾರ್ರು. ಹತ್ತು ನೀರಿನ ಬಿಳಿಗಾರ 60 ದಾಟಿದ ಮೇಲೆ ತಿಳಿಯೊಳಗೆ ಮುಳುಗಿದ್ದರೂ ಐದು ನೀರಿನದಾಗುತ್ತದೆ. ಪುಸ್ತಕದಲ್ಲಿ ಓದಿದ್ದೆ, ಬೀಕರ್ ಮುಂದೆ ಕೂತಾಗ ನೆನಪಾಗಿರಲಿಲ್ಲ.

ಅದನ್ನು ಸಾಬೀತು ಮಾಡಲು ಬೇರೆ ಉಪಕರಣ ಬೇಕಾಗಲಿಲ್ಲ. 70ರಲ್ಲಿದ್ದ ಪುಡಿಯನ್ನು ಬಿಸಿ ಫನಲ್‌ನಲ್ಲಿ ಸೋಸಿ, ಬಿಸಿ ಫಿಲ್ಟರ್ ಪೇಪರ್‌ಗಳ ನಡುವೆ ಒತ್ತಿ ಒಣಗಿಸಿ, 0.40 ಗ್ರಾಂ ತೂಗಿ ಅದೇ ಆಸಿಡ್‌ಗೆ ಹಿಡಿದೆ. ಹತ್ತು ನೀರಿನದಾಗಿದ್ದರೆ 4.2 ಮಿಲಿ, ಐದು ನೀರಿನದಾಗಿದ್ದರೆ 5.5 ಮಿಲಿ ಬರಬೇಕು. ನನಗೆ ಬಂದದ್ದು 5.3. ಸ್ವಲ್ಪ ತಿಳಿ ಅಂಟಿಕೊಂಡಿದ್ದರಿಂದ ಅಷ್ಟು ಕಮ್ಮಿ. ಡಬ್ಬಿಯ ಪುಡಿ ಅಷ್ಟೇ ತೂಗಿ ಹಿಡಿದರೆ 4.2. ಆ ದಿನ ಸಂಜೆ ಆರೂವರೆಗೆ ಲ್ಯಾಬಿಗೆ ಬೀಗ ಹಾಕುವಾಗ ನನಗಾದ ಸಂತೋಷ ಹೇಳಲಾಗದು.

65ರಿಂದ 75ರ ಬಿಂದುಗಳ ಓಟದಿಂದ ΔH 60–70 ಕಿಲೋಜೂಲ್ ಬರುತ್ತದೆ, ಕೆಳಗಿನ ಗೆರೆಯ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. ಕರಗುವಾಗ ಬಿಡಿಸಬೇಕಾದ ನೀರು ಕಮ್ಮಿ, ಹಾಗಾಗಿ ಹೀರುವ ಶಾಖವೂ ಕಮ್ಮಿ. 50ರಿಂದ 58ರವರೆಗಿನ ತುಂಡನ್ನು ಮೇಲಕ್ಕೂ, ಬಿಸಿ ತುಂಡನ್ನು ಕೆಳಕ್ಕೂ ಎಳೆದರೆ ಎರಡೂ ಕೂಡುವುದು 1/T ಸುಮಾರು 0.0030ರಲ್ಲಿ. ಅಂದ್ರೆ 60 ಡಿಗ್ರಿ. ಒಂದೇ ಗೆರೆ ಎಳೆದು ಒಂದೇ ΔH ಬರೆದಿದ್ದರೆ ಈ ಮುರಿತವೇ ಕಾಣುತ್ತಿರಲಿಲ್ಲ.

ಇನ್ನೊಂದು ಎಚ್ಚರ. ಬಿಸಿಯಿಂದ ತಣ್ಣಗೆ ಇಳಿಸುತ್ತಾ ಅಳೆಯುವಾಗ ಬಿಳಿಗಾರ ಹರಳಾಗಲು ಸೋಮಾರಿತನ ಮಾಡುತ್ತದೆ. ಎರಡು ನಿಮಿಷಕ್ಕೇ ಸ್ಯಾಂಪಲ್ ತೆಗೆದರೆ s ಜಾಸ್ತಿ ತೋರಿಸುತ್ತದೆ, 30ರ ಬಿಂದು ಮೇಲೇರಿ ಓಟ ಕಮ್ಮಿಯಾಗುತ್ತದೆ. ಹತ್ತು ನಿಮಿಷ ಕದಡಿ, ಮತ್ತೆ 30ರಿಂದ 40ಕ್ಕೆ ಏರಿಸಿ ಅದೇ ಬಿಂದು ಸಿಗುತ್ತದಾ ನೋಡಿ. ಸಿಗದಿದ್ದರೆ ಕಾಯಬೇಕು.

ಹೊಟ್ಟಿನ ಪೆಟ್ಟಿಗೆ ಸಿದ್ಧವಿತ್ತಲ್ವಾ, ಸುಣ್ಣದ ತಿಳಿಯನ್ನೂ ಹಾಕಿದೆ. 25 ಮಿಲಿಗೆ 0.05 ಮೋಲಾರ್ HCl 30 ಡಿಗ್ರಿಯಲ್ಲಿ 20 ಮಿಲಿಯಷ್ಟು, 70ರಲ್ಲಿ 14ರಷ್ಟು. ಬಿಸಿಯಾದಂತೆ ಕರಗುವುದು ಕಮ್ಮಿ! ಗೆರೆ ತಲೆಕೆಳಗಾಗಿ ಬಲಕ್ಕೆ ಏರುತ್ತದೆ, ΔH ಮೈನಸ್ 20 ಆಚೀಚೆ. ಇಲ್ಲಿ ತೊಂದರೆ ಕೊಡುವುದು ಗಾಳಿ. ನೀರನ್ನು ಮೊದಲೇ ಕುದಿಸಿ ಆರಿಸಿ, ಬಾಟಲಿಗೆ ಬಿರಡೆ ಹಾಕಬೇಕು. ಮೇಲೆ ತೆಳ್ಳನೆ ಕೆನೆ ಕಟ್ಟಿದ್ದರೆ ಆ ಸ್ಯಾಂಪಲ್ ಚೆಲ್ಲಿ. ನನಗೆ ಮೂರು ಬಿಂದು ಮಾತ್ರ ಸರಿಯಾಗಿ ಸಿಕ್ಕಿವೆ. ಮಳೆಗಾಲ ಮುಗಿದ ಮೇಲೆ ಮಿಕ್ಕ ಬಿಂದುಗಳನ್ನು ತೆಗೆಯುತ್ತೇನೆ, ಅಲ್ಲಿಯವರೆಗೆ ಹೊಟ್ಟು ಒದ್ದೆಯಾಗದಂತೆ ಚೀಲವನ್ನು ಬೀರುವಿನ ಮೇಲಿಟ್ಟಿದ್ದೇನೆ.