ಕಾಲೇಜು ಶುಲ್ಕದಲ್ಲಿ ರಿಯಾಯಿತಿ ಕೇಳುವುದು ಹೇಗೆ?

ದುಡಿಯುತ್ತಿದ್ದ ಅಪ್ಪ ಹಾಸಿಗೆ ಹಿಡಿದರೆ, ಅಂಗಡಿ ಮುಚ್ಚಿದರೆ, ಓದುತ್ತಿರುವ ಮಗಳ ಮುಂದಿನ ವರ್ಷದ ಫೀಸೇ ಮೊದಲ ಚಿಂತೆ. ಖಾಸಗಿ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಬಡ ಕುಟುಂಬಗಳಿಗೆ ಬೋಧನಾ ಶುಲ್ಕ ಬಿಡುವ ಸರ್ಕಾರಿ ಸೀಟುಗಳಿವೆ. ಆದರೆ ಅವು ಪ್ರವೇಶದ ವೇಳೆ ಕೆಇಎ ಮೂಲಕ ಮಾತ್ರ ಸಿಗುವಂಥವು. ನಡುವೆ ಕಷ್ಟಕ್ಕೆ ಬಿದ್ದವರು ಆಡಳಿತ ಮಂಡಳಿಯನ್ನೇ ಕೇಳಬೇಕು.

ಹೆಚ್ಚಿನವರು ಕೇಳುವುದು ಫೀಸ್ ಕೌಂಟರ್‌ನಲ್ಲಿ. ಅಲ್ಲಿ ಕುಳಿತವರಿಗೆ ಒಂದು ರೂಪಾಯಿ ಬಿಡುವ ಅಧಿಕಾರವೂ ಇರುವುದಿಲ್ಲ, ಹಾಗಾಗಿ ಬರುವ ಉತ್ತರ ‘ಆಗಲ್ಲ’. ಗಡುವು ಮುಂದೂಡಲು, ಕಂತು ಮಾಡಿಕೊಡಲು ಸಾಮಾನ್ಯವಾಗಿ ಪ್ರಾಂಶುಪಾಲರಿಗೆ ಆಗುತ್ತದೆ. ಹಣವನ್ನೇ ಬಿಡುವುದು ಟ್ರಸ್ಟ್‌ನ ಕಾರ್ಯದರ್ಶಿ ಅಥವಾ ಅಧ್ಯಕ್ಷರ ಕೈಯಲ್ಲಿರುತ್ತದೆ. ಆದ್ದರಿಂದ ಅರ್ಜಿಯನ್ನು ‘ಪ್ರಾಂಶುಪಾಲರ ಮೂಲಕ, ಕಾರ್ಯದರ್ಶಿಗಳಿಗೆ’ ಎಂದೇ ಬರೆಯಿರಿ. ಅದಕ್ಕೂ ಮೊದಲು ವಿಭಾಗದ ಮುಖ್ಯಸ್ಥರನ್ನು ಕಂಡು, ಹಾಜರಾತಿ ಮತ್ತು ಅಂಕಗಳ ಬಗ್ಗೆ ಎರಡು ಸಾಲಿನ ಶಿಫಾರಸು ಬರೆಸಿಕೊಳ್ಳಿ. ಮಂಡಳಿಯವರಿಗೆ ಹುಡುಗಿಯ ಪರಿಚಯವಿಲ್ಲ, ವಿಭಾಗದ ಮುಖ್ಯಸ್ಥರಿಗೆ ಇದೆ.

ದಾಖಲೆಗಳಲ್ಲಿ ಹಲವರು ಎಡವುವುದು ಆದಾಯ ಪ್ರಮಾಣಪತ್ರದಲ್ಲಿ. ನಾಡಕಚೇರಿಯಿಂದ ಪಡೆದ ಪತ್ರಕ್ಕೆ ಐದು ವರ್ಷ ಮಾನ್ಯತೆ ಇರುವುದರಿಂದ ಹಳೆಯದನ್ನೇ ಲಗತ್ತಿಸುತ್ತಾರೆ. ಅದರಲ್ಲಿರುವುದು ಅಂಗಡಿ ನಡೆಯುತ್ತಿದ್ದ ಕಾಲದ ಆದಾಯ. ಅರ್ಜಿ ಒಂದು ಹೇಳುತ್ತದೆ, ಪತ್ರ ಇನ್ನೊಂದು ಹೇಳುತ್ತದೆ. ಈಗಿನ ಆದಾಯಕ್ಕೆ ಹೊಸ ಪತ್ರಕ್ಕೆ ಅರ್ಜಿ ಹಾಕಿ. ಅದು ಬರುವವರೆಗೆ ಅರ್ಜಿಯ ಸ್ವೀಕೃತಿ, ಆಸ್ಪತ್ರೆಯ ಡಿಸ್ಚಾರ್ಜ್ ಸಮ್ಮರಿ ಅಥವಾ ಮರಣ ಪ್ರಮಾಣಪತ್ರ, ಆರು ತಿಂಗಳ ಬ್ಯಾಂಕ್ ಪಾಸ್‌ಬುಕ್ಕಿನ ಪ್ರತಿ ಇಡಿ. ಕಷ್ಟ ಯಾವಾಗ ಶುರುವಾಯಿತು ಎಂಬುದು ಪಾಸ್‌ಬುಕ್ಕಿನಲ್ಲಿ ತಾನಾಗಿಯೇ ಕಾಣುತ್ತದೆ.

ಇನ್ನು ಲೆಕ್ಕ. ‘ದಯವಿಟ್ಟು ಸಹಾಯ ಮಾಡಿ’ ಎಂದಷ್ಟೇ ಬರೆದ ಅರ್ಜಿಯ ಮೇಲೆ ಏನು ಆದೇಶ ಬರೆಯಬೇಕೆಂದು ಓದುವವರಿಗೆ ತಿಳಿಯುವುದಿಲ್ಲ. ಒಂದು ಉದಾಹರಣೆ ನೋಡಿ. ಎರಡನೇ ವರ್ಷದ ಬಿಇ ವಿದ್ಯಾರ್ಥಿನಿ. ತಂದೆಗೆ ಪಾರ್ಶ್ವವಾಯು, ತಾಯಿಯ ಟೈಲರಿಂಗೇ ಮನೆಗೆ ಆಧಾರ. ಮೂರನೇ ವರ್ಷದ ಒಟ್ಟು ಶುಲ್ಕ 1,10,000 ರೂಪಾಯಿ: ಬೋಧನಾ ಶುಲ್ಕ 80,000, ಕಾಲೇಜಿನ ಇತರ ಶುಲ್ಕ 14,000, ವಿಶ್ವವಿದ್ಯಾಲಯದ್ದು 4,000, ಕಾಲೇಜು ಬಸ್ಸಿಗೆ 12,000. ವಿಶ್ವವಿದ್ಯಾಲಯದ ಪಾಲನ್ನು ಕಾಲೇಜು ಅಲ್ಲಿಗೆ ಕಟ್ಟಲೇಬೇಕು, ಅದನ್ನು ಕೇಳಿ ಫಲವಿಲ್ಲ. ಬಸ್ ಬೇಡವೆಂದು ಬರೆದುಕೊಟ್ಟು ಸಾರಿಗೆ ಸಂಸ್ಥೆಯ ಪಾಸ್ ಮಾಡಿಸಿದರೆ ಉಳಿಯುವುದು 98,000. ಈಗ 18,000, ಆಮೇಲೆ ಹತ್ತು ಸಾವಿರದ ಮೂರು ಕಂತು ಕಟ್ಟಲು ಮನೆಯವರಿಗೆ ಸಾಧ್ಯ. ಅಲ್ಲಿಗೆ 48,000. ಅರ್ಜಿಯಲ್ಲಿ ಇದನ್ನೇ ಬರೆಯುವುದು:

‘ಬೋಧನಾ ಶುಲ್ಕದಲ್ಲಿ 50,000 ರೂಪಾಯಿ ರಿಯಾಯಿತಿ ನೀಡಬೇಕೆಂದು ಕೋರುತ್ತೇನೆ. ಉಳಿದ 48,000ದಲ್ಲಿ 18,000 ಈಗಲೇ ಕಟ್ಟುತ್ತೇವೆ. ಬಾಕಿಯನ್ನು ಅಕ್ಟೋಬರ್, ಡಿಸೆಂಬರ್, ಫೆಬ್ರುವರಿಯಲ್ಲಿ ತಲಾ 10,000ದಂತೆ ಪಾವತಿಸುತ್ತೇವೆ.’

ತಾವೂ ಕಟ್ಟುತ್ತೇವೆ ಎನ್ನುವವರ ಅರ್ಜಿಗೆ ತೂಕ ಹೆಚ್ಚು. ಆದರೆ ಕಟ್ಟಲಾಗದ ಕಂತನ್ನು ಒಪ್ಪಬೇಡಿ. ಒಂದು ಕಂತು ತಪ್ಪಿದರೂ ರಿಯಾಯಿತಿಯೇ ಹೋಗಬಹುದು. ಅರ್ಜಿಯ ನಕಲಿನ ಮೇಲೆ ಕಚೇರಿಯ ಸೀಲು, ಇನ್‌ವರ್ಡ್ ನಂಬರ್ ಹಾಕಿಸಿಕೊಳ್ಳಿ.

ಭೇಟಿಗೆ ಕರೆದಾಗ ತಾಯಿಯೂ ಜೊತೆಗಿರಲಿ, ಮಾತು ಮಾತ್ರ ವಿದ್ಯಾರ್ಥಿನಿಯದೇ ಇರಲಿ. ‘ಇಪ್ಪತ್ತೈದು ಸಾವಿರ ಬಿಡಬಹುದು, ಅಷ್ಟೇ’ ಎಂದರೆ ಅಲ್ಲಿಗೇ ಎದ್ದು ಬರಬಾರದು. ‘ತುಂಬ ಉಪಕಾರವಾಯಿತು ಸರ್. ಉಳಿದ ಇಪ್ಪತ್ತೈದಕ್ಕೆ ಹಳೆಯ ವಿದ್ಯಾರ್ಥಿಗಳ ಸಂಘದ ನಿಧಿಯಿಂದ ಏನಾದರೂ ಆಗಬಹುದೇ? ಇಲ್ಲವಾದರೆ ಬ್ಯಾಂಕ್ ಸಾಲ ಬರುವವರೆಗೆ ಸಮಯ ಕೊಡುವಿರಾ?’ ಎಂದು ಕೇಳಬೇಕು. ಸಾಲಕ್ಕೆ ವಿದ್ಯಾಲಕ್ಷ್ಮಿ ಪೋರ್ಟಲ್‌ನಲ್ಲಿ ಅರ್ಜಿ ಹಾಕುವಾಗ ಕಾಲೇಜಿನ ಶುಲ್ಕ ವಿವರ ಪತ್ರವೂ ಬೇಕು, ಅದನ್ನು ಅಂದೇ ಕೇಳಿಬಿಡಿ. ಎಸ್‌ಎಸ್‌ಪಿ ವಿದ್ಯಾರ್ಥಿವೇತನಕ್ಕೆ ಅರ್ಹರಾಗಿದ್ದರೆ ಆ ಅರ್ಜಿಯ ಪ್ರತಿ ತೋರಿಸಿ, ಹಣ ಬಂದ ಕೂಡಲೇ ಕಟ್ಟುತ್ತೇವೆಂದು ಮುಚ್ಚಳಿಕೆ ಬರೆದುಕೊಡಬಹುದು.

ಬಾಕಿಗೆ ಭದ್ರತೆಯಾಗಿ ಮೂಲ ಅಂಕಪಟ್ಟಿ ಕೇಳಿದರೆ ಕೊಡಬೇಡಿ. ಮೂಲ ಪ್ರಮಾಣಪತ್ರಗಳನ್ನು ಕಾಲೇಜುಗಳು ಇಟ್ಟುಕೊಳ್ಳಬಾರದೆಂದು ಯುಜಿಸಿ 2018ರ ಅಕ್ಟೋಬರ್‌ನಲ್ಲೇ ಅಧಿಸೂಚನೆ ಹೊರಡಿಸಿದೆ. ಜಗಳವಾಡದೆ ಅದನ್ನು ನೆನಪಿಸಿ, ಬದಲಿಗೆ ಮುಚ್ಚಳಿಕೆ ಕೊಡಿ.

ಬಾಯಿಮಾತಿನ ಒಪ್ಪಿಗೆ ನಂಬಿ ಕುಳಿತವರಿಗೆ ಪೆಟ್ಟು ಬೀಳುವುದು ಹಾಲ್ ಟಿಕೆಟ್ ಕೊಡುವ ವಾರದಲ್ಲಿ. ಕಂಪ್ಯೂಟರ್‌ನಲ್ಲಿ ಪೂರ್ತಿ ಬಾಕಿಯೇ ಕಾಣುತ್ತಿರುತ್ತದೆ. ಬಿಟ್ಟ ಮೊತ್ತ, ಕಂತಿನ ದಿನಾಂಕ, ಅಲ್ಲಿಯವರೆಗೆ ಪರೀಕ್ಷೆಗೆ ತಡೆಯಿಲ್ಲ ಎಂಬ ಮಾತು, ರಿಯಾಯಿತಿ ಒಂದೇ ವರ್ಷಕ್ಕೋ ಕೋರ್ಸ್ ಮುಗಿಯುವವರೆಗೋ ಎಂಬುದು, ಈ ನಾಲ್ಕೂ ಸಹಿಯಿರುವ ಪತ್ರದಲ್ಲಿರಲಿ. ಪತ್ರ ತಡವಾದರೆ, ಮಾತುಕತೆಯಲ್ಲಿ ಆದದ್ದನ್ನು ನೀವೇ ಅಂದೇ ಪ್ರಾಂಶುಪಾಲರಿಗೆ ಇಮೇಲ್ ಮಾಡಿ. ಪತ್ರದ ಒಂದು ಪ್ರತಿಯನ್ನು ಲೆಕ್ಕಪತ್ರ ವಿಭಾಗಕ್ಕೆ ಕೊಟ್ಟು, ಬಾಕಿ ಕಡಿಮೆಯಾದುದನ್ನು ತೆರೆಯ ಮೇಲೆ ನೋಡಿಕೊಂಡೇ ಹೊರಡಿ. ಒಂದೇ ವರ್ಷದ ರಿಯಾಯಿತಿಯಾದರೆ, ಮುಂದಿನ ಸಲದ ಅರ್ಜಿ ಶುಲ್ಕದ ಸುತ್ತೋಲೆ ಬರುವ ಮೊದಲೇ ಹೋಗಬೇಕು.