ತಿಂಗಳು ದಿನವಾಗಿದ್ದ ದಿನಾಂಕಗಳನ್ನು ಬಿಡಿಸಿ ಮತ್ತೆ ಕಟ್ಟಿದ ಬಗೆ

ನಮ್ಮ ವಸತಿ ಸಂಘದ ನಿರ್ವಹಣಾ ಶುಲ್ಕದ ರಸೀದಿಗಳನ್ನು ಎಕ್ಸೆಲ್ ಹಾಳೆಯೊಂದರಲ್ಲಿ ಬರೆದಿಡುವ ಪದ್ಧತಿಯಿದೆ. ಅದರ ಲೆಕ್ಕ ನನ್ನ ಕೈಗೆ ಬಂದಾಗ, ತಿಂಗಳುವಾರು ಮೊತ್ತ ತೆಗೆಯಲು ಹೋದರೆ ಅಂಕಿಗಳು ಬ್ಯಾಂಕಿನ ಜಮೆಗೆ ತಾಳೆಯಾಗಲಿಲ್ಲ. ದಿನಾಂಕದ ಕಾಲಮ್ಮನ್ನು ಸ್ವಲ್ಪ ಅಗಲ ಮಾಡಿದಾಗ ಕಾರಣದ ಸುಳಿವು ಕಂಡಿತು: ಕೆಲವು ದಿನಾಂಕಗಳು ಕೋಶದ ಬಲ ಅಂಚಿಗೆ ಅಂಟಿಕೊಂಡಿದ್ದವು, ಕೆಲವು ಎಡ ಅಂಚಿಗೆ. ಎಕ್ಸೆಲ್‌ನಲ್ಲಿ ನಾವಾಗಿ ಜೋಡಣೆಯನ್ನು ಬದಲಿಸದಿದ್ದರೆ ಸಂಖ್ಯೆಗಳು ಬಲಕ್ಕೂ ಪಠ್ಯ ಎಡಕ್ಕೂ ನಿಲ್ಲುತ್ತವೆ. ನಿಜವಾದ ದಿನಾಂಕವೆಂದರೆ ಎಕ್ಸೆಲ್‌ನ ಪಾಲಿಗೆ ಒಂದು ಸಂಖ್ಯೆ. 1900ರ ಜನವರಿ 1ನ್ನು ಒಂದು ಎಂದು ಹಿಡಿದು ಎಣಿಸುತ್ತ ಬಂದರೆ 2023ರ ಆಗಸ್ಟ್ 5ಕ್ಕೆ 45143 ಆಗುತ್ತದೆ. ಎಡಕ್ಕೆ ನಿಂತವು ಅಂತಹ ಸಂಖ್ಯೆಗಳಾಗಿರದೆ ಬರಿಯ ಅಕ್ಷರಗಳಾಗಿದ್ದವು.

ಹೀಗಾಗಲು ಕಾರಣ, ಬರೆದವರು ನಮ್ಮ ರೂಢಿಯಂತೆ ದಿನ, ತಿಂಗಳು, ವರ್ಷ ಎಂಬ ಕ್ರಮದಲ್ಲಿ ಬರೆದಿದ್ದರೂ ಆ ಕಂಪ್ಯೂಟರಿನ ಪ್ರದೇಶದ ಆಯ್ಕೆ ಅಮೆರಿಕದ್ದಾಗಿದ್ದುದು. ಅಲ್ಲಿ ತಿಂಗಳು ಮೊದಲು. 25/08/2023 ಎಂದು ಒತ್ತಿದಾಗ ಇಪ್ಪತ್ತೈದನೆಯ ತಿಂಗಳು ಇಲ್ಲವಾದ್ದರಿಂದ ಎಕ್ಸೆಲ್ ಅದನ್ನು ಪಠ್ಯವಾಗಿಯೇ ಬಿಟ್ಟಿತ್ತು. ಆದರೆ 05/08/2023 ಎಂದು ಒತ್ತಿದ್ದನ್ನು ಯಾವ ತಕರಾರೂ ಇಲ್ಲದೆ ಮೇ 8 ಎಂದು ಓದಿಕೊಂಡು 45054 ಎಂದು ಇಟ್ಟುಕೊಂಡಿತ್ತು. ಎಡಕ್ಕೆ ನಿಂತವು ಕಣ್ಣಿಗೆ ಬೀಳುತ್ತವೆ, ಸೂತ್ರ ಹಾಕಿದರೆ ದೋಷವನ್ನಾದರೂ ತೋರುತ್ತವೆ; ನಿಜವಾಗಿ ಅಪಾಯಕಾರಿಯಾದವು ಬಲಕ್ಕೆ ಸರಿಯಾಗಿ ನಿಂತು ಸುಳ್ಳು ಹೇಳುತ್ತಿದ್ದವು.

ಈಗ ಪ್ರದೇಶದ ಆಯ್ಕೆಯನ್ನು ಭಾರತಕ್ಕೆ ಬದಲಿಸಿದರೆ ಎಲ್ಲವೂ ಸರಿಹೋಗುತ್ತದೆಂದು ಸಂಘದಲ್ಲಿ ಕೆಲವರು ಸೂಚಿಸಿದರು. ಮುಂದೆ ಬರೆಯುವ ದಿನಾಂಕಗಳಿಗೆ ಅದು ಬೇಕೇ ಬೇಕು, ಆದರೆ ಈಗಾಗಲೇ 45054 ಆಗಿ ಕುಳಿತ ಸಂಖ್ಯೆ ಅದರಿಂದ ಬದಲಾಗುವುದಿಲ್ಲ. ತೋರುವ ರೂಪ ಮಾತ್ರ ಬದಲಾಗಿ ಅದೇ ಮೇ 8 ನಮ್ಮ ಕ್ರಮದಲ್ಲಿ ಕಾಣುತ್ತದೆ. ಕೋಶದ ಫಾರ್ಮ್ಯಾಟ್ ಬದಲಿಸುವುದರ ಫಲವೂ ಇಷ್ಟೇ. ಆದ್ದರಿಂದ ಪ್ರತಿ ದಿನಾಂಕವನ್ನೂ ಮೂರು ಭಾಗವಾಗಿ ಬಿಡಿಸಿ, ಸರಿಯಾದ ಕ್ರಮದಲ್ಲಿ ಮತ್ತೆ ಕಟ್ಟುವುದೇ ದಾರಿಯೆಂದು ನಿರ್ಧರಿಸಿದೆ.

ಅದಕ್ಕೆ ಮುನ್ನ ಒಂದು ಸಂಗತಿ ಖಚಿತವಾಗಬೇಕಿತ್ತು. ಸಂಖ್ಯೆಯಾಗಿರುವ ಎಲ್ಲ ದಿನಾಂಕಗಳೂ ಅದಲುಬದಲಾಗಿವೆಯೇ, ಅಥವಾ ಕೆಲವನ್ನು ಬೇರೆ ಕಂಪ್ಯೂಟರಿನಲ್ಲಿ ಸರಿಯಾಗಿ ಬರೆಯಲಾಗಿದೆಯೇ? ಅದಲುಬದಲಾದ ದಿನಾಂಕದಲ್ಲಿ ದಿನದ ಜಾಗದಲ್ಲಿ ಕುಳಿತಿರುವುದು ತಿಂಗಳು. ಹಾಗಾಗಿ DAY ಸೂತ್ರದ ಉತ್ತರ 12ನ್ನು ಮೀರಲು ಸಾಧ್ಯವಿಲ್ಲ. ಪಕ್ಕದ ಖಾಲಿ ಕಾಲಮ್ಮಿನಲ್ಲಿ ಈ ಸೂತ್ರವನ್ನು ಕೆಳಗಿನವರೆಗೆ ಎಳೆದು, ಆ ಕಾಲಮ್ಮಿನ ಗರಿಷ್ಠ ಬೆಲೆಯನ್ನು MAX ಮೂಲಕ ನೋಡಿದೆ.

```
=IF(ISNUMBER(B2),DAY(B2),"")
```

ಗರಿಷ್ಠ ಬೆಲೆ 12 ಬಂದಿತು. ಅದು 13ನ್ನೋ 28ನ್ನೋ ತೋರಿಸಿದ್ದರೆ ಹಾಳೆಯಲ್ಲಿ ಎರಡು ಬಗೆಯ ದಿನಾಂಕಗಳು ಬೆರೆತಿವೆಯೆಂದು ಅರ್ಥವಾಗುತ್ತಿತ್ತು, ಆಗ ಒಂದೇ ಸೂತ್ರದಿಂದ ದುರಸ್ತಿ ಮಾಡುವುದು ಸರಿಯಾಗುತ್ತಿರಲಿಲ್ಲ. ಈ ಪರೀಕ್ಷೆಯನ್ನು ಬಿಟ್ಟು ಮುಂದಿನ ಹೆಜ್ಜೆಗೆ ಹೋಗಬಾರದೆಂಬುದು ನನ್ನ ದೃಢವಾದ ಅಭಿಪ್ರಾಯ, ಏಕೆಂದರೆ ಸರಿಯಾಗಿದ್ದ ದಿನಾಂಕವನ್ನು ನಾವೇ ತಿರುಚಿಬಿಟ್ಟರೆ ಅದನ್ನು ಆಮೇಲೆ ಗುರುತಿಸುವ ಉಪಾಯವಿರುವುದಿಲ್ಲ.

ಬಿಡಿಸುವುದಕ್ಕೆ C, D, E ಕಾಲಮ್ಮುಗಳನ್ನು ಕ್ರಮವಾಗಿ ದಿನ, ತಿಂಗಳು, ವರ್ಷಕ್ಕೆ ಮೀಸಲಿಟ್ಟು, F ಕಾಲಮ್ಮಿನಲ್ಲಿ ದಿನಾಂಕವನ್ನು ಕಟ್ಟಿದೆ. ಎಲ್ಲವನ್ನೂ ಒಂದೇ ಉದ್ದ ಸೂತ್ರದಲ್ಲಿ ತುರುಕಬಹುದು, ಆದರೆ ತಪ್ಪು ಎಲ್ಲಿದೆಯೆಂದು ಹುಡುಕುವಾಗ ಬಿಡಿ ಕಾಲಮ್ಮುಗಳೇ ಕೈಹಿಡಿಯುತ್ತವೆ.

```
C2: =IF(ISNUMBER(B2),MONTH(B2),VALUE(LEFT(TRIM(B2),2)))
D2: =IF(ISNUMBER(B2),DAY(B2),VALUE(MID(TRIM(B2),4,2)))
E2: =IF(ISNUMBER(B2),YEAR(B2),VALUE(RIGHT(TRIM(B2),4)))
F2: =DATE(E2,D2,C2)
```

ಮೊದಲ ನೋಟಕ್ಕೆ C2ರಲ್ಲಿ ದಿನಕ್ಕಾಗಿ MONTH, D2ರಲ್ಲಿ ತಿಂಗಳಿಗಾಗಿ DAY ಬಳಸಿರುವುದು ವಿಚಿತ್ರವೆನಿಸಬಹುದು. ದುರಸ್ತಿಯೆಲ್ಲ ಅಡಗಿರುವುದು ಅಲ್ಲಿಯೇ. 45054ರಿಂದ MONTH 5ನ್ನೂ DAY 8ನ್ನೂ ಕೊಡುತ್ತವೆ, DATE ಅವನ್ನು 2023, 8, 5 ಎಂಬ ಕ್ರಮದಲ್ಲಿ ಪಡೆದು 45143 ಮಾಡುತ್ತದೆ. ಪಠ್ಯವಾಗಿದ್ದ 25/08/2023ರ ಮೊದಲೆರಡು ಅಕ್ಷರ ದಿನವನ್ನೂ ನಾಲ್ಕನೆಯದರಿಂದ ಎರಡು ಅಕ್ಷರ ತಿಂಗಳನ್ನೂ ಕೊನೆಯ ನಾಲ್ಕು ವರ್ಷವನ್ನೂ ಕೊಡುತ್ತವೆ. C, D, E ಕಾಲಮ್ಮುಗಳ ಫಾರ್ಮ್ಯಾಟ್ General ಆಗಿರಲಿ. ಅದು ದಿನಾಂಕದ ಫಾರ್ಮ್ಯಾಟಿನಲ್ಲಿದ್ದರೆ 2023 ಎಂಬ ವರ್ಷ 15-07-1905 ಎಂದು ಕಾಣಿಸಿ ಸೂತ್ರವೇ ಕೆಟ್ಟಿದೆಯೆಂಬ ಭ್ರಮೆ ಹುಟ್ಟಿಸುತ್ತದೆ.

ಪಠ್ಯದ ಸಾಲುಗಳಲ್ಲಿ ಎರಡು ಬಗೆಯ ತೊಡಕು ಬಂದವು. 25/8/2023 ಎಂದು ತಿಂಗಳನ್ನು ಒಂಟಿ ಅಂಕಿಯಲ್ಲಿ ಬರೆದಿದ್ದಲ್ಲಿ D ಕಾಲಮ್ಮು #VALUE! ತೋರಿಸಿತು. 25/08/23 ಎಂದು ವರ್ಷವನ್ನು ಮೊಟಕು ಮಾಡಿದ್ದಲ್ಲಿ ಕೊನೆಯ ನಾಲ್ಕು ಅಕ್ಷರ 8/23 ಆಗಿ, ಎಕ್ಸೆಲ್ ಅದನ್ನೇ ಒಂದು ದಿನಾಂಕವೆಂದು ಓದಿದ್ದರಿಂದ E ಕಾಲಮ್ಮಿನಲ್ಲಿ ನಲವತ್ತು ಸಾವಿರ ದಾಟಿದ ವರ್ಷ ಕಾಣಿಸಿತು, F ಕಾಲಮ್ಮು #NUM! ಎಂದಿತು. ಇಂತಹ ಸಾಲುಗಳು ಬೆರಳೆಣಿಕೆಯಷ್ಟಿದ್ದುದರಿಂದ ಸೂತ್ರವನ್ನು ಹಿಗ್ಗಿಸದೆ ಮೂಲ ಪಠ್ಯವನ್ನೇ ಕೈಯಿಂದ ತಿದ್ದಿದೆ. ತಿದ್ದುವ ಮೊದಲು ಆ ಕೋಶಗಳಿಗೆ Text ಫಾರ್ಮ್ಯಾಟ್ ಕೊಡಬೇಕು. ಇಲ್ಲವಾದರೆ ಪ್ರದೇಶದ ಆಯ್ಕೆ ಬದಲಾಗಿರುವಾಗ ಅವು ಸರಿಯಾದ ದಿನಾಂಕಗಳಾಗಿ ಮಾರ್ಪಟ್ಟು, ISNUMBER ಕವಲಿಗೆ ಸಿಕ್ಕಿ ತಲೆಕೆಳಗಾಗುತ್ತವೆ.

ದೋಷವನ್ನು ತೋರಿಸದೆಯೇ ದಾಟಿಹೋಗುವ ಇನ್ನೊಂದು ತಪ್ಪಿದೆ. DATE ಸೂತ್ರಕ್ಕೆ ಇಲ್ಲದ ದಿನವನ್ನು ಕೊಟ್ಟರೆ ಅದು ನಿರಾಕರಿಸುವುದಿಲ್ಲ, ಹೆಚ್ಚಾದ ದಿನಗಳನ್ನು ಮುಂದಿನ ತಿಂಗಳಿಗೆ ದಾಟಿಸುತ್ತದೆ. ನಮ್ಮ ಹಾಳೆಯಲ್ಲಿ 31/11/2023 ಎಂದಿದ್ದುದು ಡಿಸೆಂಬರ್ 1 ಆಗಿ ಹೊರಬಂದಿತ್ತು. ಇದನ್ನು ಹಿಡಿಯಲು, ಕಟ್ಟಿದ ದಿನಾಂಕವನ್ನು ಮತ್ತೊಮ್ಮೆ ಬಿಡಿಸಿ ಬಿಡಿಭಾಗಗಳಿಗೆ ಹೋಲಿಸುವ ಕಾಲಮ್ಮೊಂದನ್ನು ಸೇರಿಸಿದೆ.

```
G2: =AND(DAY(F2)=C2,MONTH(F2)=D2)
```

FALSE ಬಂದ ಸಾಲಿನ ಕಾಗದದ ರಸೀದಿಯನ್ನು ತೆಗೆದು ನೋಡಿದರೆ ಅಲ್ಲಿ ನವೆಂಬರ್ 30 ಎಂದಿತ್ತು. ಇದರ ಜೊತೆಗೆ ರಸೀದಿ ಸಂಖ್ಯೆಯ ಕ್ರಮದಲ್ಲಿ ಹಾಳೆಯನ್ನು ಜೋಡಿಸಿ, ಪ್ರತಿ ದಿನಾಂಕವೂ ಅದರ ಮೇಲಿನ ಸಾಲಿಗಿಂತ ಹಿಂದಿನದಾಗಿಲ್ಲವೇ ಎಂದು `=F3>=F2` ಎಂಬ ಸೂತ್ರದಿಂದ ಪರೀಕ್ಷಿಸಿದೆ. ರಸೀದಿಗಳನ್ನು ಕ್ರಮವಾಗಿ ಕೊಡುವ ಕಡೆ ಮಾತ್ರ ಈ ಪರೀಕ್ಷೆ ಸಲ್ಲುತ್ತದೆ, ಆದರೆ ಸಲ್ಲುವಲ್ಲಿ ಇದಕ್ಕಿಂತ ಬಲವಾದ ಸಾಕ್ಷಿ ಬೇರೆ ಇಲ್ಲ: ಆಗಸ್ಟಿನ ನಡುವೆ ಮೇ ತಿಂಗಳು ನುಸುಳಿದ್ದರೆ ಅದು ತಕ್ಷಣ ಎದ್ದು ಕಾಣುತ್ತದೆ.

ಮುಂದಿನ ತಿಂಗಳಿಗೆ ದಾಟಿಸುವ ಅದೇ ಗುಣ ಶುಲ್ಕದ ಗಡುವನ್ನು ಲೆಕ್ಕ ಹಾಕುವಾಗ ಉಪಕಾರಕ್ಕೆ ಬಂದಿತು. ಪ್ರತಿ ಪಾವತಿಯ ಮುಂದಿನ ತಿಂಗಳ 10ನೆಯ ತಾರೀಖು ನಮ್ಮ ಗಡುವು. ಡಿಸೆಂಬರಿಗೆ ಒಂದು ಸೇರಿಸಿದಾಗ ಬರುವ ಹದಿಮೂರನೆಯ ತಿಂಗಳನ್ನು DATE ತಾನಾಗಿಯೇ ಮುಂದಿನ ವರ್ಷದ ಜನವರಿ ಮಾಡುವುದರಿಂದ ಮೊದಲನೆಯ ಸೂತ್ರವೇ ಸಾಕು. ತಿಂಗಳ ಕೊನೆಯ ದಿನ ಬೇಕಾದಲ್ಲಿ ಎರಡನೆಯದು. ಮುಂದಿನ ತಿಂಗಳ ಸೊನ್ನೆಯ ದಿನವೆಂದರೆ ಈ ತಿಂಗಳ ಕಡೆಯ ದಿನ.

```
=DATE(YEAR(F2),MONTH(F2)+1,10)
=DATE(YEAR(F2),MONTH(F2)+1,0)
```

ಆದರೆ ದಿನದ ಜಾಗದಲ್ಲಿ DAY(F2) ಇಟ್ಟು ಒಂದು ತಿಂಗಳು ಮುಂದೂಡಿದರೆ 2023ರ ಜನವರಿ 31 ಮಾರ್ಚ್ 3ಕ್ಕೆ ಹೋಗಿ ನಿಲ್ಲುತ್ತದೆ. ಫೆಬ್ರವರಿ 28 ಬೇಕಾದವರು `=EDATE(F2,1)` ಬಳಸಬೇಕು. ಕೊನೆಗೆ F ಕಾಲಮ್ಮನ್ನು ನಕಲಿಸಿ, ಸೂತ್ರವಿಲ್ಲದೆ ಬೆಲೆಗಳನ್ನಷ್ಟೇ ಹೊಸ ಕಾಲಮ್ಮಿಗೆ ಅಂಟಿಸಿದೆ. ಮೂಲದ B ಕಾಲಮ್ಮನ್ನು ಅಳಿಸದೆ ಮರೆಮಾಡಿದ್ದೇನೆ, ಏಕೆಂದರೆ ಲೆಕ್ಕ ಪರಿಶೋಧಕರು ಮೊದಲು ಏನಿತ್ತೆಂದು ಕೇಳಿದರೆ ತೋರಿಸಬೇಕಾದದ್ದು ಅದನ್ನೇ.